ಮೂಲ ಮಾರ್ಕ್ಸ್ ಕಾರ್ಡ್ ಕಳೆದಿದೆ, ಓದಿದ ಶಾಲೆಯೂ ಮುಚ್ಚಿದೆ: ಬೆಂಗಳೂರಿನಲ್ಲಿ ಡೂಪ್ಲಿಕೇಟ್ ಪಡೆಯುವುದು ಹೇಗೆ?

ಹೋದ ವರ್ಷ ನನ್ನ ನಾದಿನಿ ಮೆಜೆಸ್ಟಿಕ್‌ನಿಂದ ವಿಜಯನಗರಕ್ಕೆ ಆಟೋದಲ್ಲಿ ಬಂದಳು. ಬ್ಯಾಗು ಇಳಿಸಿಕೊಂಡಳು, ಕಾಲ ಹತ್ತಿರ ಇಟ್ಟಿದ್ದ ನೀಲಿ ಫೈಲು ಆಟೋದಲ್ಲೇ ಉಳಿಯಿತು. ಅದರಲ್ಲಿ 1999ರ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, 2001ರ ಪಿಯುಸಿ ಮಾರ್ಕ್ಸ್ ಕಾರ್ಡ್, 2004ರ ಬಿಕಾಂನ ಎಲ್ಲಾ ಮಾರ್ಕ್ಸ್ ಕಾರ್ಡ್‌ಗಳು ಇದ್ದವು. ಹೊಸ ಕೆಲಸಕ್ಕೆ ಸೇರಲು ಮೂಲ ಪ್ರತಿಗಳನ್ನು ತೋರಿಸಬೇಕಿತ್ತು. ಅವಳು ಓದಿದ ಹೈಸ್ಕೂಲು ಮುಚ್ಚಿ ಬಹಳ ವರ್ಷವಾಗಿದೆ. ಆ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಇದೆ. ಡಿಗ್ರಿ ಕಾಲೇಜೂ ಮುಚ್ಚಿದೆ. "ಅತ್ತಿಗೆ, ಶಾಲೆಯೇ ಇಲ್ಲ ಅಂದ ಮೇಲೆ ಇನ್ನು ಯಾರ ಹತ್ರ ಹೋಗಿ ಕೇಳೋದು?" ಅಂತ ಅಳುತ್ತಾ ಫೋನ್ ಮಾಡಿದಳು.

ನಾನು ಒಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದವಳು. ಇದೇ ಪ್ರಶ್ನೆಯನ್ನು ಕಿಟಕಿಯ ಆಚೆ ನಿಂತು ಕೇಳಿದವರು ನೂರಾರು ಜನ. ಅವಳ ಕಾಗದಗಳು ಹೇಗೆ ಒಂದೊಂದಾಗಿ ವಾಪಸ್ ಬಂದವು ಎನ್ನುವುದನ್ನೇ ಹಿಡಿದು ಪೂರ್ತಿ ದಾರಿ ಹೇಳುತ್ತೇನೆ.

ಮೊದಲು: ಕಾಗದ ಕೊಟ್ಟವರು ಯಾರು, ಲೆಕ್ಕ ಇಟ್ಟವರು ಯಾರು?

ಹೆಚ್ಚಿನವರು ತಪ್ಪುವುದು ಇಲ್ಲೇ. ಮಾರ್ಕ್ಸ್ ಕಾರ್ಡನ್ನು ಕೈಗೆ ಕೊಟ್ಟಿದ್ದು ಶಾಲೆ, ಆದ್ದರಿಂದ ಅದು ಶಾಲೆಯ ಕಾಗದ ಅಂದುಕೊಳ್ಳುತ್ತಾರೆ. ಹಾಗಲ್ಲ. ಶಾಲೆ ಹಂಚಿತು, ಅಷ್ಟೇ. ಎಸ್ಸೆಸ್ಸೆಲ್ಸಿ ಅಂಕಗಳ ಲೆಕ್ಕ ಇರುವುದು ಮಂಡಳಿಯಲ್ಲಿ. ಅದು ಈಗ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ, ಮಲ್ಲೇಶ್ವರಂ 6ನೇ ಕ್ರಾಸ್‌ನಲ್ಲಿದೆ. 2022ರಿಂದ ಪಿಯುಸಿ ಪರೀಕ್ಷೆಯ ಕೆಲಸವೂ ಇದೇ ಮಂಡಳಿಗೆ ಸೇರಿದೆ. ಡಿಗ್ರಿಯ ಮಾರ್ಕ್ಸ್ ಕಾರ್ಡ್ ಮತ್ತು ಘಟಿಕೋತ್ಸವದ ಪ್ರಮಾಣಪತ್ರ ವಿಶ್ವವಿದ್ಯಾಲಯದ್ದು. ಶಾಲೆ ಅಥವಾ ಕಾಲೇಜು ತಾನೇ ಬರೆದು ಕೊಡುವ ಕಾಗದಗಳು ಮುಖ್ಯವಾಗಿ ಎರಡು: ಟಿಸಿ ಮತ್ತು ವ್ಯಾಸಂಗ ಪ್ರಮಾಣಪತ್ರ.

ಅಂದರೆ ಶಾಲೆ ಮುಚ್ಚಿದರೆ ನಿಮ್ಮ ಅಂಕಗಳ ದಾಖಲೆಗೆ ಏನೂ ಆಗುವುದಿಲ್ಲ. ಅರ್ಜಿಗೆ ಮುಖ್ಯೋಪಾಧ್ಯಾಯರ ಸಹಿ ಹಾಕಿಸುವುದಕ್ಕೆ ಮಾತ್ರ ತೊಂದರೆಯಾಗುತ್ತದೆ. ಅದಕ್ಕೂ ದಾರಿ ಇದೆ, ಮುಂದೆ ಹೇಳುತ್ತೇನೆ.

ಡಿಗ್ರಿಯ ವಿಚಾರದಲ್ಲಿ ಇನ್ನೊಂದು ಗೊಂದಲ ಇದೆ. ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರಾಯಿತು. ಸೆಂಟ್ರಲ್ ಕಾಲೇಜು ಆವರಣದಲ್ಲಿ ಬೆಂಗಳೂರು ನಗರ ವಿಶ್ವವಿದ್ಯಾಲಯ ಬಂತು, ಕೋಲಾರದ ಕಡೆಗೆ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬಂತು. ನಿಮ್ಮ ಕಾಲೇಜು ಈಗ ಯಾವುದಕ್ಕೆ ಸೇರಿದೆ ಎನ್ನುವುದು ಇಲ್ಲಿ ಮುಖ್ಯವಲ್ಲ. ನಿಮಗೆ ಡಿಗ್ರಿ ಕೊಟ್ಟಿದ್ದು ಯಾವ ವಿಶ್ವವಿದ್ಯಾಲಯ ಅಂತ ನೋಡಿ. 2004ರಲ್ಲಿ ಪಾಸಾದ ನನ್ನ ನಾದಿನಿ ಹೋಗಬೇಕಾದದ್ದು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣಕ್ಕೇ.

ಡಿಜಿಲಾಕರ್‌ನಲ್ಲಿ ಒಮ್ಮೆ ನೋಡಿ

ಓಡಾಟ ಶುರು ಮಾಡುವ ಮುಂಚೆ ಡಿಜಿಲಾಕರ್‌ನಲ್ಲಿ ನಿಮ್ಮ ರಿಜಿಸ್ಟರ್ ನಂಬರ್ ಮತ್ತು ವರ್ಷ ಹಾಕಿ ಹುಡುಕಿ. ಇತ್ತೀಚಿನ ವರ್ಷಗಳ ಮಾರ್ಕ್ಸ್ ಕಾರ್ಡ್ ಆದರೆ ಸಿಗುವ ಸಾಧ್ಯತೆ ಜಾಸ್ತಿ. ಮಂಡಳಿಯೇ ಅಲ್ಲಿಗೆ ಹಾಕಿದ ಪ್ರತಿಗೆ ಕಾನೂನಿನಲ್ಲಿ ಮೂಲ ಪ್ರತಿಯಷ್ಟೇ ಬೆಲೆ ಇದೆ. 2016ರ ಡಿಜಿಟಲ್ ಲಾಕರ್ ನಿಯಮಗಳಲ್ಲಿ ಅದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಆದರೆ ನೀವೇ ಸ್ಕ್ಯಾನ್ ಮಾಡಿ ಅಲ್ಲಿ ಏರಿಸಿದ ಪ್ರತಿಗೆ ಆ ಬೆಲೆ ಇಲ್ಲ. ಎಷ್ಟೋ ಕಡೆ ಇದರಲ್ಲೇ ಕೆಲಸ ಮುಗಿಯುತ್ತದೆ. ನನ್ನ ನಾದಿನಿಯದು ಹಳೆಯ ವರ್ಷ, ಸಿಗಲಿಲ್ಲ.

ಪೊಲೀಸ್ ದೂರು ಮತ್ತು ಅಫಿಡವಿಟ್

ಕಳೆದುಹೋಗಿದ್ದರೆ ಸ್ಟೇಷನ್‌ಗೆ ಹೋಗಿ ಕಾಯಬೇಕಾಗಿಲ್ಲ. ಕರ್ನಾಟಕ ಪೊಲೀಸರ ಆ್ಯಪ್‌ನಲ್ಲಿ ಇ-ಲಾಸ್ಟ್ ಎನ್ನುವ ಸೌಲಭ್ಯ ಇದೆ. ಏನು ಕಳೆದಿದೆ, ಎಲ್ಲಿ, ಯಾವತ್ತು ಅಂತ ಬರೆದರೆ ನಂಬರ್ ಇರುವ ವರದಿ ಬರುತ್ತದೆ. ಪ್ರತಿ ಕಾಗದದ ಹೆಸರನ್ನೂ ರಿಜಿಸ್ಟರ್ ನಂಬರನ್ನೂ ಬಿಡಿಬಿಡಿಯಾಗಿ ಬರೆಯಿರಿ. ಸುಮ್ನೆ "ಸರ್ಟಿಫಿಕೇಟ್‌ಗಳು ಕಳೆದಿವೆ" ಅಂತ ಬರೆದು ಮುಗಿಸಿದರೆ ಮಂಡಳಿಯಲ್ಲಿ ಒಂದು ಕಾಗದಕ್ಕೆ, ವಿಶ್ವವಿದ್ಯಾಲಯದಲ್ಲಿ ಇನ್ನೊಂದಕ್ಕೆ ತಕರಾರು ಬರುತ್ತದೆ. ನಂಬರ್ ಗೊತ್ತಿಲ್ಲದಿದ್ದರೆ ಅದನ್ನು ಮೊದಲು ಪತ್ತೆ ಮಾಡಿ, ಆಮೇಲೆ ವರದಿ ಹಾಕಿ. ಎರಡು ದಿನ ತಡವಾದರೆ ನಷ್ಟ ಇಲ್ಲ.

ಒಂದು ಎಚ್ಚರಿಕೆ. ಇ-ಲಾಸ್ಟ್ ಇರುವುದು ಕಳೆದುಹೋದ ವಸ್ತುಗಳಿಗೆ. ಯಾರಾದರೂ ಬ್ಯಾಗು ಕದ್ದಿದ್ದರೆ ಅದು ಕಳವು, ಸ್ಟೇಷನ್‌ನಲ್ಲಿ ದೂರು ಕೊಟ್ಟು ಎಫ್‌ಐಆರ್ ಮಾಡಿಸಬೇಕು. ಪೊಲೀಸ್ ವರದಿಯಲ್ಲಿ "ಕಳೆದಿದೆ", ಅಫಿಡವಿಟ್‌ನಲ್ಲಿ "ಕಳವಾಗಿದೆ" ಅಂತ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಅಫಿಡವಿಟ್‌ಗೆ ಮುಂಚೆ 20 ರೂಪಾಯಿಯ ಇ-ಸ್ಟ್ಯಾಂಪ್ ಸಾಕಾಗುತ್ತಿತ್ತು. 2024ರ ಫೆಬ್ರವರಿಯಿಂದ 100 ರೂಪಾಯಿಯದು ಬೇಕು. ಹಳೆ ಮಾಹಿತಿ ನೋಡಿ 20ರದ್ದು ಮಾಡಿಸಿಕೊಂಡು ಬಂದು ವಾಪಸ್ ಹೋದವರನ್ನು ನೋಡಿದ್ದೇನೆ. ಒಕ್ಕಣೆ ಹೀಗಿದ್ದರೆ ಸಾಕು:

"ನಾನು 1999ರ ಏಪ್ರಿಲ್‌ನಲ್ಲಿ ನಡೆದ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ, ರಿಜಿಸ್ಟರ್ ಸಂಖ್ಯೆ ………ರ ಅಡಿಯಲ್ಲಿ ಉತ್ತೀರ್ಣಳಾಗಿರುತ್ತೇನೆ. ನನ್ನ ಮೂಲ ಅಂಕಪಟ್ಟಿಯು ದಿನಾಂಕ ………ರಂದು ಪ್ರಯಾಣದ ವೇಳೆ ಕಳೆದುಹೋಗಿದೆ. ಹುಡುಕಿದರೂ ಸಿಕ್ಕಿಲ್ಲ. ಅದನ್ನು ಯಾರಲ್ಲಿಯೂ ಅಡವಿಟ್ಟಿಲ್ಲ, ಯಾವ ಸಂಸ್ಥೆಗೂ ಒಪ್ಪಿಸಿಲ್ಲ. ಮುಂದೆ ಮೂಲ ಪ್ರತಿ ಸಿಕ್ಕಿದರೆ ಮಂಡಳಿಗೆ ಹಿಂದಿರುಗಿಸುತ್ತೇನೆ. ನಾನು ಓದಿದ ಶಾಲೆಯು ಈಗ ನಡೆಯುತ್ತಿಲ್ಲ."

ಅಡವಿಟ್ಟಿಲ್ಲ, ಒಪ್ಪಿಸಿಲ್ಲ ಎನ್ನುವ ಮಾತು ಮುಖ್ಯ. ಕೆಲವು ಕಡೆ ಸಾಲಕ್ಕೋ ಕೆಲಸಕ್ಕೋ ಮೂಲ ಪ್ರತಿ ಇಟ್ಟುಕೊಂಡಿರುತ್ತಾರೆ, ಅದನ್ನು ಮುಚ್ಚಿಟ್ಟು ಡೂಪ್ಲಿಕೇಟ್ ಕೇಳುವವರಿದ್ದಾರೆ. ಹೆಸರನ್ನು ಆ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದಂತೆಯೇ ಬರೆಯಿರಿ. ಮದುವೆಯಾದ ಮೇಲೆ ಹೆಸರು ಬದಲಾಗಿದ್ದರೆ "ಈಗಿನ ಹೆಸರು ಇದು, ಇಬ್ಬರೂ ಒಬ್ಬರೇ" ಅಂತ ಒಂದು ಸಾಲು ಸೇರಿಸಿ. ಮಂಡಳಿಗೆ ಒಂದು, ವಿಶ್ವವಿದ್ಯಾಲಯಕ್ಕೆ ಒಂದು, ಬೇರೆ ಬೇರೆ ಅಫಿಡವಿಟ್ ಮಾಡಿಸಿ. ಎರಡು ಕಡೆಯೂ ಮೂಲ ಅಫಿಡವಿಟ್ಟನ್ನೇ ಕೇಳುತ್ತಾರೆ.

ವಿಶ್ವವಿದ್ಯಾಲಯಗಳು ಕೆಲವೊಮ್ಮೆ ಪತ್ರಿಕೆಯಲ್ಲಿ ಸಣ್ಣ ಪ್ರಕಟಣೆಯನ್ನೂ ಕೇಳುತ್ತವೆ. ಕೇಳಿದರೆ ಕೊಡಿ. ಮೊದಲೇ ದುಡ್ಡು ಖರ್ಚು ಮಾಡಬೇಡಿ.

ರಿಜಿಸ್ಟರ್ ನಂಬರ್ ಎಲ್ಲಿ ಸಿಗುತ್ತದೆ?

ಇಡೀ ಕೆಲಸದ ಬೀಗದ ಕೈ ಇದೇ. ವರ್ಷ, ತಿಂಗಳು, ರಿಜಿಸ್ಟರ್ ನಂಬರ್ ಈ ಮೂರೂ ಇದ್ದರೆ ಮಂಡಳಿಯವರು ಲೆಡ್ಜರ್ ತೆಗೆಯಬಹುದು. ಹೆಸರು ಮಾತ್ರ ಹೇಳಿದರೆ 1999ರ ಲೆಡ್ಜರ್‌ನಲ್ಲಿ ಯಾರೂ ಹುಡುಕಿ ಕೊಡುವುದಿಲ್ಲ.

ಮನೆಯಲ್ಲಿ ಝೆರಾಕ್ಸ್ ಇಲ್ಲ ಅಂದರೆ ಕೈಚೆಲ್ಲಬೇಡಿ. ನೀವು ಮುಂದಕ್ಕೆ ಹೋದ ಪ್ರತಿ ಜಾಗದಲ್ಲೂ ಹಿಂದಿನ ಕಾಗದದ ನಕಲು ಇರುತ್ತದೆ. ಎಸ್ಸೆಸ್ಸೆಲ್ಸಿಯ ನಕಲು ಪಿಯು ಕಾಲೇಜಿನ ಪ್ರವೇಶದ ಫೈಲಿನಲ್ಲಿ, ಪಿಯುಸಿಯದು ಡಿಗ್ರಿ ಕಾಲೇಜಿನಲ್ಲಿ, ಡಿಗ್ರಿಯದು ಮೊದಲು ಕೆಲಸ ಕೊಟ್ಟ ಕಂಪನಿಯ ಎಚ್‌ಆರ್ ಫೈಲಿನಲ್ಲಿ. ಶಿಕ್ಷಣ ಸಾಲ ತೆಗೆದಿದ್ದರೆ ಬ್ಯಾಂಕಿನಲ್ಲೂ ಇರುತ್ತದೆ. ನನ್ನ ನಾದಿನಿ ಓದಿದ ಪಿಯು ಕಾಲೇಜು ಇನ್ನೂ ನಡೆಯುತ್ತಿದೆ. ಅಲ್ಲಿಗೆ ಒಂದು ಪತ್ರ ಕೊಟ್ಟೆವು. ನಾಲ್ಕು ದಿನ ಬಿಟ್ಟು ಗುಮಾಸ್ತರು 1999ರ ಪ್ರವೇಶದ ಕಟ್ಟು ಬಿಚ್ಚಿದರು. ಅವಳ ಅರ್ಜಿಯ ಹಿಂದೆ ಗುಂಡುಸೂಜಿ ಚುಚ್ಚಿದ ಜಾಗ ತುಕ್ಕು ಹಿಡಿದಿತ್ತು, ಆದರೆ ಮಾರ್ಕ್ಸ್ ಕಾರ್ಡಿನ ನಕಲಿನಲ್ಲಿ ನಂಬರ್ ಸ್ಪಷ್ಟವಾಗಿತ್ತು. ಅದರ ಜೊತೆಗೆ ಹೈಸ್ಕೂಲಿನ ಮೂಲ ಟಿಸಿಯೂ ಅಲ್ಲೇ ಇತ್ತು.

ಟಿಸಿ ಕಳೆದಿದೆ ಎನ್ನುವವರು ಇದನ್ನು ಗಮನಿಸಿ. ಮೂಲ ಟಿಸಿಯನ್ನು ಮುಂದಿನ ಕಾಲೇಜಿಗೆ ಸೇರುವಾಗಲೇ ಕೊಟ್ಟಿರುತ್ತೀರಿ. ಅದು ನಿಮ್ಮ ಕೈಯಲ್ಲಿ ಇರಲೇ ಇಲ್ಲ. ಕೊನೆಯದಾಗಿ ಓದಿದ ಕಡೆಯ ಟಿಸಿ ಮಾತ್ರ ನಿಮ್ಮ ಹತ್ತಿರ ಉಳಿಯುವುದು. ಹಾಗಾಗಿ ಡೂಪ್ಲಿಕೇಟ್ ಟಿಸಿಗೆ ಅಲೆಯುವ ಮುಂಚೆ ಮುಂದಿನ ಕಾಲೇಜಿನಲ್ಲಿ ದೃಢೀಕರಿಸಿದ ನಕಲು ಕೇಳಿ.

ಮುಚ್ಚಿದ ಶಾಲೆಯ ದಾಖಲೆ ಹುಡುಕುವುದು

ಎಸ್ಸೆಸ್ಸೆಲ್ಸಿ ಡೂಪ್ಲಿಕೇಟ್ ಅರ್ಜಿ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಹೋಗಬೇಕು. ಈ ಅರ್ಜಿ ಹಾಕಿದ ವ್ಯಕ್ತಿ ನಮ್ಮಲ್ಲಿ ಓದಿದ್ದು ನಿಜ ಅಂತ ಒಬ್ಬರು ಹೇಳಬೇಕಲ್ಲ, ಅದಕ್ಕೆ. ಶಾಲೆ ಮುಚ್ಚಿದಾಗ ಆ ಮಾತು ಹೇಳುವ ಅಧಿಕಾರ ಆ ವಲಯದ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಂದರೆ ಬಿಇಒಗೆ ಬರುತ್ತದೆ. ಬೆಂಗಳೂರಿನಲ್ಲಿ ಉತ್ತರ, ದಕ್ಷಿಣ ಅಂತ ಎರಡು ಶೈಕ್ಷಣಿಕ ಜಿಲ್ಲೆಗಳಿವೆ, ಒಂದೊಂದರಲ್ಲೂ ಹಲವು ವಲಯ. ಈಗ ನೀವಿರುವ ಬಡಾವಣೆಯ ಬಿಇಒ ಅಲ್ಲ, ಶಾಲೆ ಇದ್ದ ಜಾಗದ ಬಿಇಒ ಬೇಕು.

ಶಾಲೆ ಮುಚ್ಚುವಾಗ ದಾಖಲಾತಿ ವಹಿ, ಅಂಕಗಳ ವಹಿ, ಟಿಸಿ ಪುಸ್ತಕ ಇವನ್ನೆಲ್ಲ ಒಪ್ಪಿಸಿ ಹೋಗಬೇಕು. ಅವು ಬಿಇಒ ಕಚೇರಿಯಲ್ಲಿರಬಹುದು, ಹತ್ತಿರದ ಸರ್ಕಾರಿ ಶಾಲೆಯಲ್ಲಿರಬಹುದು, ಅದೇ ಆಡಳಿತ ಮಂಡಳಿಯ ಇನ್ನೊಂದು ಶಾಲೆಯಲ್ಲೂ ಇರಬಹುದು. ಮೂರರಲ್ಲಿ ಯಾವುದು ಅಂತ ಬಿಇಒ ಕಚೇರಿಯ ಕೌಂಟರಿನಲ್ಲಿ ಕೇಳಿದರೆ ತಕ್ಷಣ ಉತ್ತರ ಸಿಗುವುದು ಕಷ್ಟ. ಅಕ್ಕಪಕ್ಕದ ಶಾಲೆಗಳ ಗುಂಪಿಗೆ ಕ್ಲಸ್ಟರ್ ಅನ್ನುತ್ತಾರೆ, ಅದನ್ನು ನೋಡಿಕೊಳ್ಳುವ ಸಿಆರ್‌ಪಿ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ ಯಾರು ಅಂತ ಕೇಳಿಕೊಂಡು ಅವರನ್ನು ಭೇಟಿ ಮಾಡಿ. ಅವರು ಮೇಷ್ಟ್ರುಗಳೇ, ವಾರವಿಡೀ ಅದೇ ಬೀದಿಗಳ ಶಾಲೆಗಳಲ್ಲಿ ಓಡಾಡುತ್ತಾರೆ, ಯಾವ ಶಾಲೆಯ ವಹಿ ಯಾವ ಬೀರುವಿನಲ್ಲಿದೆ ಅಂತ ಅವರಿಗೆ ಗೊತ್ತಿರುತ್ತದೆ. ನಮಗೂ ಹಾಗೇ ಆಯಿತು. ಕಚೇರಿಯಲ್ಲಿ ಎರಡು ಸಲ "ಇಲ್ಲ" ಅಂದರು. ಸಿಆರ್‌ಪಿ ಒಂದೇ ಫೋನಿನಲ್ಲಿ, "ಅದು ಪಕ್ಕದ ಸರ್ಕಾರಿ ಶಾಲೆಗೆ ಬಂದಿದೆ ಮೇಡಂ, ನಾಳೆ ಹನ್ನೊಂದಕ್ಕೆ ಬನ್ನಿ" ಅಂದರು.

ಆ ವಹಿ ಉದ್ದನೆಯದು, ರಟ್ಟಿನ ಹೊದಿಕೆಯದು. ಒಂದು ಅಂಚನ್ನು ಗೆದ್ದಲು ತಿಂದಿತ್ತು. ಮುಖ್ಯೋಪಾಧ್ಯಾಯಿನಿ ಸ್ಕೇಲ್ ಇಟ್ಟು ಸಾಲು ಸಾಲಾಗಿ ಕೆಳಗೆ ಬಂದರು. ದಾಖಲಾತಿ ಸಂಖ್ಯೆ, ಮಗುವಿನ ಹೆಸರು, ತಂದೆಯ ಹೆಸರು, ಅಂಕಿಯಲ್ಲೂ ಅಕ್ಷರದಲ್ಲೂ ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ, ಕೊನೆಯ ಕಾಲಮ್ಮಿನಲ್ಲಿ ಟಿಸಿ ನಂಬರ್. ಆ ಟಿಸಿ ನಂಬರ್ ಪಿಯು ಕಾಲೇಜಿನಲ್ಲಿ ಸಿಕ್ಕ ಟಿಸಿಗೆ ತಾಳೆಯಾಯಿತು. ಆ ಪುಟದ ನಕಲಿಗೆ ಅವರು ಸಹಿ ಮಾಡಿದರು, ಬಿಇಒ ಮೇಲುಸಹಿ ಹಾಕಿದರು, ಮಂಡಳಿಯ ಅರ್ಜಿಯನ್ನೂ ಬಿಇಒ ಅವರೇ ಶಿಫಾರಸು ಮಾಡಿ ಕಳಿಸಿದರು. ಇಷ್ಟಕ್ಕೆ ಮೂರು ವಾರ ಹಿಡಿಯಿತು. ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದೇ.

ನಿಮ್ಮ ಶಾಲೆಯ ಹೆಸರು ಹೇಳಿದರೆ ಈಗಿನವರಿಗೆ ತಿಳಿಯದೇ ಇರಬಹುದು. ಹಳೆ ವಿಳಾಸ, ಎಷ್ಟನೇ ಕ್ರಾಸು, ಆಡಳಿತ ನಡೆಸುತ್ತಿದ್ದ ಟ್ರಸ್ಟಿನ ಹೆಸರು, ನೀವು ಓದಿದ ವರ್ಷ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ನಿಮ್ಮ ಜೊತೆ ಓದಿದವರೊಬ್ಬರ ಟಿಸಿಯ ನಕಲು ಸಿಕ್ಕಿದರೆ ಇನ್ನೂ ಒಳ್ಳೆಯದು, ಅದರಲ್ಲಿ ಶಾಲೆಯ ಪೂರ್ತಿ ಹೆಸರು ಮತ್ತು ಮೊಹರು ಇರುತ್ತದೆ.

ಎಲ್ಲಿ ಕೇಳಿದರೂ ಉತ್ತರ ಇಲ್ಲ ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಬಿಇಒ ಕಚೇರಿಯ ಮಾಹಿತಿ ಅಧಿಕಾರಿಗೆ ಕಳಿಸಿ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ಮೀರಬಾರದು. ಟಿಸಿ ಕೊಡಿ ಅಂತ ಕೇಳಬೇಡಿ, ಅದು ಮಾಹಿತಿ ಅಲ್ಲ. "ಇಂಥ ಶಾಲೆಯ ದಾಖಲೆಗಳು ಈಗ ಯಾರ ವಶದಲ್ಲಿವೆ, ಹಸ್ತಾಂತರದ ಪತ್ರದ ದೃಢೀಕೃತ ನಕಲು ಕೊಡಿ" ಅಂತ ಕೇಳಿ. 30 ದಿನದಲ್ಲಿ ಉತ್ತರ ಕೊಡಲೇಬೇಕು. ಕೊಡದಿದ್ದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಬಹುದು.

ಕನ್ನಡ ಮಾಧ್ಯಮ ಅಥವಾ ಗ್ರಾಮೀಣ ಮೀಸಲಾತಿಗೆ ವ್ಯಾಸಂಗ ಪ್ರಮಾಣಪತ್ರ ಬೇಕಾದವರಿಗೂ ಇದೇ ದಾರಿ. ದಾಖಲಾತಿ ವಹಿ ಸಿಕ್ಕಿದರೆ ಅದರ ಆಧಾರದ ಮೇಲೆ ಬರೆದುಕೊಡುತ್ತಾರೆ. ನೇಮಕಾತಿಯ ಕೊನೆಯ ದಿನ ಹತ್ತಿರ ಬಂದ ಮೇಲೆ ಹೋಗಬೇಡಿ.

ಮಂಡಳಿಯಲ್ಲಿ

ಅರ್ಜಿ ನಮೂನೆ ಮತ್ತು ಈಗಿನ ಶುಲ್ಕವನ್ನು kseab.karnataka.gov.in ನಲ್ಲಿ ನೋಡಿಕೊಂಡೇ ಹೊರಡಿ. ಅರ್ಜಿ, ಅಫಿಡವಿಟ್, ಪೊಲೀಸ್ ವರದಿ, ಹಳೆ ಮಾರ್ಕ್ಸ್ ಕಾರ್ಡಿನ ನಕಲು, ಆಧಾರ್ ನಕಲು, ಶಾಲೆ ಮುಚ್ಚಿದ್ದರೆ ಬಿಇಒ ಪತ್ರ ಇವು ಬೇಕು. ಎಲ್ಲದರ ಇನ್ನೊಂದು ಸೆಟ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಸಲ್ಲಿಸಿದಾಗ ಸ್ವೀಕೃತಿ ಪಡೆಯದೆ ಬರಬೇಡಿ. ಸೇವೆ ಸಕಾಲದ ಅಡಿಯಲ್ಲಿದ್ದರೆ ಸ್ವೀಕೃತಿಯಲ್ಲಿ ಜಿಎಸ್‌ಸಿ ನಂಬರ್ ಇರುತ್ತದೆ. ಅರ್ಜಿ ಎಲ್ಲಿದೆ ಅಂತ ಅದರಿಂದಲೇ ನೋಡಬಹುದು, ಗಡುವು ಮೀರಿದರೆ ಮೇಲ್ಮನವಿಯನ್ನೂ ಹಾಕಬಹುದು.

ಡೂಪ್ಲಿಕೇಟ್ ಕೇಳುವ ಅರ್ಜಿಯಲ್ಲೇ ಹೆಸರಿನ ಕಾಗುಣಿತ ಸರಿಮಾಡಿ ಅಂತ ಸೇರಿಸುವವರಿದ್ದಾರೆ. ಹಾಗೆ ಆಗುವುದಿಲ್ಲ. ಲೆಡ್ಜರಿನಲ್ಲಿ ಇದ್ದದ್ದು ಇದ್ದಂತೆಯೇ ಡೂಪ್ಲಿಕೇಟಿನಲ್ಲಿ ಬರುತ್ತದೆ. ತಿದ್ದುಪಡಿಗೆ ಬೇರೆ ಅರ್ಜಿ, ಬೇರೆ ದಾಖಲೆ ಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಎರಡೂ ನಿಲ್ಲುತ್ತವೆ.

ಕಚೇರಿಯ ಗೇಟಿನ ಹತ್ತಿರ "ಒಂದು ವಾರದಲ್ಲಿ ಮಾಡಿಸಿಕೊಡ್ತೀನಿ" ಎನ್ನುವವರಿಗೆ ಕಾಗದ ಕೊಡಬೇಡಿ, ದಯವಿಟ್ಟು. ಮಂಡಳಿ ಡೂಪ್ಲಿಕೇಟ್ ಕೊಟ್ಟಾಗ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ. ಮುಂದೆ ಕಂಪನಿ ನೈಜತೆ ಪರಿಶೀಲನೆಗೆ ಕಳಿಸಿದಾಗ ಆ ಪುಸ್ತಕದಲ್ಲಿ ಇಲ್ಲದ ಕಾಗದ ನಕಲಿ ಅಂತಲೇ ಉತ್ತರ ಹೋಗುತ್ತದೆ. ನಿಜವಾಗಿ ಪಾಸಾದವರು ಕೂಡ ಹೀಗೆ ಕೆಲಸ ಕಳೆದುಕೊಂಡಿದ್ದಾರೆ, ಅದನ್ನು ನೋಡಿ ನನಗೆ ತುಂಬಾ ಸಂಕಟವಾಗಿದೆ.

ಡಿಗ್ರಿ ಕಾಲೇಜು ಮುಚ್ಚಿದ್ದರೆ

ಇಲ್ಲಿ ಪ್ರಾಂಶುಪಾಲರ ಸಹಿಯ ಬದಲು ನೇರವಾಗಿ ವಿಶ್ವವಿದ್ಯಾಲಯದ ಕುಲಸಚಿವರು (ಮೌಲ್ಯಮಾಪನ) ಅವರಿಗೆ ಪತ್ರ ಬರೆಯಿರಿ. ಕಾಲೇಜು ಮುಚ್ಚಿದ್ದರಿಂದ ಪ್ರಾಂಶುಪಾಲರ ಮೂಲಕ ಕಳಿಸಲು ಆಗುತ್ತಿಲ್ಲ ಅಂತ ಸ್ಪಷ್ಟವಾಗಿ ಹೇಳಿ, ರಿಜಿಸ್ಟರ್ ನಂಬರ್, ಪಾಸಾದ ವರ್ಷ, ಕಾಲೇಜಿನ ಹೆಸರು ಕೊಡಿ. ಪ್ರತಿ ಮಾರ್ಕ್ಸ್ ಕಾರ್ಡಿಗೂ ಬೇರೆ ಶುಲ್ಕ ಇರುತ್ತದೆ, ಎಷ್ಟು ಕಾರ್ಡ್ ಅಂತ ಎಣಿಸಿ ಬರೆಯಿರಿ. ಫೇಲಾಗಿ ಮತ್ತೆ ಬರೆದ ವಿಷಯಗಳಿದ್ದರೆ ಆ ಪ್ರಯತ್ನದ ಕಾರ್ಡ್ ಬೇರೆಯೇ ಇರುತ್ತದೆ, ಅದನ್ನು ಮರೆತು ಎಷ್ಟೋ ಜನ ಎರಡನೇ ಸಲ ಬರುತ್ತಾರೆ.

ಜ್ಞಾನಭಾರತಿಯಲ್ಲಿ ಕೂತು ಅವಳ ಹಳೆ ವಿಷಯ ಮಾತಾಡುವಾಗ ಒಂದು ಸಂಗತಿ ಹೊರಬಂತು. "ಘಟಿಕೋತ್ಸವದ ಸರ್ಟಿಫಿಕೇಟ್ ಹೇಗಿತ್ತು, ಮೊಹರು ಯಾವ ಬಣ್ಣ?" ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತಿಗೆ, ಅದನ್ನ ನಾನು ತಗೊಂಡೇ ಇಲ್ಲ ಅನ್ಸುತ್ತೆ" ಅಂದಳು. ಹೌದು, ಅವಳ ಹತ್ತಿರ ಇದ್ದದ್ದು ತಾತ್ಕಾಲಿಕ ಪ್ರಮಾಣಪತ್ರ ಮಾತ್ರ. ಡಿಗ್ರಿ ಪ್ರಮಾಣಪತ್ರಕ್ಕೆ ಅವಳು ಯಾವತ್ತೂ ಅರ್ಜಿ ಹಾಕಿರಲಿಲ್ಲ. ಹಾಗಿದ್ದಾಗ ಅದು ಡೂಪ್ಲಿಕೇಟ್ ಅಲ್ಲ, ತಡವಾಗಿ ಪಡೆಯುವ ಮೊದಲ ಪ್ರತಿ. ಪೊಲೀಸ್ ವರದಿ ಬೇಡ, "ಕಳೆದಿದೆ" ಅಂತ ಅಫಿಡವಿಟ್ ಮಾಡಿಸಿದ್ದರೆ ಅದು ಸುಳ್ಳೇ ಆಗುತ್ತಿತ್ತು. ದಂಡ ಶುಲ್ಕ ಕಟ್ಟಿ ಮೂಲ ಪ್ರಮಾಣಪತ್ರವನ್ನೇ ಪಡೆದಳು. ನಿಮ್ಮ ಮನೆಯಲ್ಲೂ ಒಮ್ಮೆ ನೆನಪು ಮಾಡಿಕೊಳ್ಳಿ, ತೆಗೆದುಕೊಳ್ಳದೇ ಬಿಟ್ಟಿದ್ದನ್ನೇ ಕಳೆದಿದೆ ಅಂದುಕೊಂಡಿರಬಹುದು.

ಕಾಗದ ಹಾಳಾಗಿದ್ದರೆ

2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಮನೆಗಳಿಗೆ ನೀರು ನುಗ್ಗಿದಾಗ ಇಂಥ ಕಾಗದ ಹಿಡಿದು ಬಂದವರು ಬಹಳ. ಒದ್ದೆಯಾದದ್ದನ್ನು ಎಸೆಯಬೇಡಿ, ಚೂರಾಗಿದ್ದರೂ ಇಟ್ಟುಕೊಳ್ಳಿ. ಹಾಳಾದ ಮೂಲ ಪ್ರತಿ ಕೈಯಲ್ಲಿದ್ದರೆ ಪೊಲೀಸ್ ವರದಿ ಬೇಕಾಗುವುದಿಲ್ಲ, ಅದನ್ನೇ ಒಪ್ಪಿಸಿ ಹೊಸದು ಕೇಳಬಹುದು. ಬಿಸಿಲಿಗೆ ಹಾಕದೆ ನೆರಳಿನಲ್ಲಿ ಒಣಗಿಸಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಮೊಹರು, ನೀರುಗುರುತು ಯಾವುದನ್ನೂ ಮುಟ್ಟಿ ನೋಡಲು ಆಗುವುದಿಲ್ಲ. ಒಪ್ಪಿಸುವ ಮುಂಚೆ ಎರಡೂ ಬದಿಯ ಫೋಟೊ ತೆಗೆದು, ಒಪ್ಪಿಸಿದ್ದಕ್ಕೆ ಸ್ವೀಕೃತಿ ಬರೆಸಿಕೊಳ್ಳಿ.

ಕೈಗೆ ಬಂದಾಗ

ಕೌಂಟರಿನಿಂದ ಈಚೆ ಬರುವ ಮುಂಚೆ ಅಲ್ಲೇ ನಿಂತು ಓದಿ. ಹೆಸರು, ತಂದೆ-ತಾಯಿಯ ಹೆಸರು, ಹುಟ್ಟಿದ ದಿನ, ರಿಜಿಸ್ಟರ್ ನಂಬರ್, ಒಟ್ಟು ಅಂಕ, ಪರೀಕ್ಷೆಯ ತಿಂಗಳು. ನಕಲಿನ ಜೊತೆ ಇಟ್ಟು ಹೋಲಿಸಿ. ನನ್ನ ನಾದಿನಿಯ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಹುಟ್ಟಿದ ತಿಂಗಳು ತಪ್ಪಾಗಿ ಬಂದಿತ್ತು, ಲೆಡ್ಜರಿನಲ್ಲಿ ಸರಿಯಾಗಿಯೇ ಇತ್ತು. ಅಲ್ಲೇ ತೋರಿಸಿದ್ದಕ್ಕೆ ಮರುದಿನವೇ ಸರಿಯಾದ ಕಾರ್ಡ್ ಸಿಕ್ಕಿತು. ಮನೆಗೆ ಬಂದ ಮೇಲೆ ನೋಡಿದ್ದರೆ ಅದಕ್ಕೂ ಒಂದು ತಿದ್ದುಪಡಿ ಅರ್ಜಿ ಹಾಕಬೇಕಾಗುತ್ತಿತ್ತು. ಹೊಸ ಕಾಗದದ ಮೇಲೆ ಡೂಪ್ಲಿಕೇಟ್ ಅಂತ ಅಚ್ಚಾಗಿರುತ್ತದೆ. ಕೆಲಸ ಕೊಡುವವರು ಕೇಳಿದರೆ ಇ-ಲಾಸ್ಟ್ ವರದಿಯ ನಕಲು ಮತ್ತು ಮಂಡಳಿಯ ಸ್ವೀಕೃತಿಯನ್ನು ಅದರ ಜೊತೆಗೇ ಕೊಡಿ.